ಓಡಿ ಅಂದರೆ ದಿನಕ್ಕೊಂದು ಸಲ

ಅರಕಲಗೂಡಿನ ಚೆಲುವಯ್ಯ ಓದಿದ್ದು ಏಳನೇ ಕ್ಲಾಸು. ಶುಂಠಿ ತೊಳೆಯುವ ಕಡೆ ತೂಕ ಹಾಕುವ ಕೆಲಸ. ಮೂಟೆ ತಕ್ಕಡಿಗೆ ಏರಿದರೆ ಎಷ್ಟು ಕಿಲೋ ಅಂತ ಕಣ್ಣಲ್ಲೇ ಹೇಳುವವನು. ಆದರೆ ಬೀದಿಯವರು ಅವನನ್ನು ಹುಡುಕಿಕೊಂಡು ಬರುತ್ತಿದ್ದುದು ತೂಕಕ್ಕಲ್ಲ, ಡಾಕ್ಟರ ಚೀಟಿ ಓದಿಸುವುದಕ್ಕೆ.

ಅದು ಶುರುವಾದದ್ದು ಹನ್ನೊಂದು ವರ್ಷದ ಹಿಂದೆ. ಹೆಂಡತಿ ಬೀರಮ್ಮನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಒಂದೇ ವಾರದಲ್ಲಿ ಗೊತ್ತಾದವು. ಐದು ಥರದ ಮಾತ್ರೆ ಬರೆದುಕೊಟ್ಟರು. ಬೀರಮ್ಮನಿಗೆ ಅಕ್ಷರ ಬಾರದು. ಮೊದಲ ತಿಂಗಳು ಚೆಲುವಯ್ಯ ಬಣ್ಣ ನೋಡಿ ಮಾತ್ರೆ ಕೊಟ್ಟ. ಅಂಗಡಿಯಲ್ಲಿ ಬೇರೆ ಕಂಪನಿಯ ಮಾತ್ರೆ ಬಂದಾಗ ಬಣ್ಣ ಬದಲಾಯಿತು. ಬೆಳಿಗ್ಗೆ ತಿಂಡಿಗೆ ಮುಂಚೆ ಒಂದೇ ಒಂದು ಕೊಡಬೇಕಾದ ಸಕ್ಕರೆ ಮಾತ್ರೆಯನ್ನು ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕೊಟ್ಟುಬಿಟ್ಟ. ರಾತ್ರಿ ಹೊತ್ತಿಗೆ ಬೀರಮ್ಮ ಬೆವತು, ನಡುಗಿ, ಮಾತು ತೊದಲಿ ಒಲೆ ಮುಂದೆ ಕುಸಿದಳು. ಪಕ್ಕದ ಮನೆಯವರು ಬಾಯಿಗೆ ಸಕ್ಕರೆ ನೀರು ಹಾಕಿ ಉಳಿಸಿದರು.

ಮಾರನೇ ಬೆಳಿಗ್ಗೆ ಚೆಲುವಯ್ಯ ಚೀಟಿ ಹಿಡಿದು ಗಂಗಾಧರಯ್ಯನವರ ಮೆಡಿಕಲ್ ಸ್ಟೋರಿಗೆ ಹೋಗಿ ನಿಂತ.

"ಸಾ, ಇದ್ರಾಗೆ ಏನ್ ಬರ್ದವ್ರೆ ಅಂತ ನಂಗೆ ಯೋಳ್ಕೊಡಿ. ಮಾತ್ರೆ ಎಸ್ರು ಬ್ಯಾಡ. ಪಕ್ಕದಾಗೆ ಗೀಚವ್ರಲ್ಲ, ಅದು."

ಗಂಗಾಧರಯ್ಯ ತಾಳ್ಮೆಯ ಮನುಷ್ಯ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಚೀಟಿಯ ಇಂಗ್ಲಿಷ್ ಅಕ್ಷರಗಳನ್ನು ಹೇಳಿಕೊಟ್ಟರು. ಓಡಿ ಅಂದರೆ ದಿನಕ್ಕೊಂದು ಸಲ. ಬಿಡಿ ಅಂದರೆ ಎರಡು ಸಲ. ಟಿಡಿಎಸ್ ಮೂರು ಸಲ. ಎಚ್‌ಎಸ್ ಅಂದರೆ ಮಲಗುವಾಗ. ಎಸ್‌ಓಎಸ್ ಅಂದರೆ ಬೇಕೆನಿಸಿದಾಗ ಮಾತ್ರ. ಎಸಿ ಊಟಕ್ಕೆ ಮುಂಚೆ, ಪಿಸಿ ಊಟ ಆದಮೇಲೆ. ಒಂದು, ಸೊನ್ನೆ, ಒಂದು ಅಂತ ಅಡ್ಡಗೆರೆ ಹಾಕಿ ಬರೆದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಚೆಲುವಯ್ಯ ಇದನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ. ಆರು ತಿಂಗಳಲ್ಲಿ ಅದನ್ನು ನೋಡುವ ಅಗತ್ಯವೂ ಬೀಳಲಿಲ್ಲ.

ಆಮೇಲೆ ಬೀರಮ್ಮನಿಗೆ ಒಂದು ಹೊತ್ತೂ ಮಾತ್ರೆ ತಪ್ಪಲಿಲ್ಲ. ಬೀದಿಯಲ್ಲಿ ಸುದ್ದಿ ಹರಡಿತು. "ಚೆಲುವಣ್ಣ, ಇದೇನ್ ನೋಡು" ಅಂತ ಒಬ್ಬೊಬ್ಬರೇ ಚೀಟಿ ತಂದರು. ಅವನು ಕನ್ನಡಕ ಏರಿಸಿ, ಒಮ್ಮೆ ಮೇಲಿಂದ ಕೆಳಗೆ ನೋಡಿ ಹೇಳುತ್ತಿದ್ದ. ತಪ್ಪಿದೆ ಅಂತ ಯಾರೂ ಬಂದು ಹೇಳಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಕಳೆದ ವರ್ಷ ಬೀರಮ್ಮನ ಬಲಗಣ್ಣಿಗೆ ಪೊರೆ ಬಂತು. ಹಾಸನದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಸೋಮವಾರ ಆಪರೇಷನ್ ಆಯಿತು. ಚಿಕ್ಕ ಆಸ್ಪತ್ರೆ, ವಯಸ್ಸಾದ ಡಾಕ್ಟರಮ್ಮ, ಕೈ ಒಳ್ಳೆಯದು ಅಂತ ಹೆಸರು. ಮಂಗಳವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಬೀರಮ್ಮ ಗೋಡೆಯ ಗಡಿಯಾರ ನೋಡಿ, "ಮುಳ್ಳು ಕಾಣ್ತದೆ" ಅಂದಳು. ಡಾಕ್ಟರಮ್ಮ ನಕ್ಕು ಚೀಟಿ ಬರೆದರು.

ಚೆಲುವಯ್ಯ ಚೀಟಿ ಹಿಡಿದು ಕೆಳಗಿನ ಔಷಧಿ ಅಂಗಡಿಗೆ ಇಳಿದ. ಅಲ್ಲಿ ಜನ ಜಾಸ್ತಿ. ಅವನು ಸಾಲಲ್ಲಿ ನಿಂತಿದ್ದಾಗಲೇ ಮೇಲೆ ಸಿಸ್ಟರು ಬಂದು ಬೀರಮ್ಮನಿಗೆ ಎಲ್ಲ ಹೇಳಿದಳು. ಅವಳು ತಲೆ ಆಡಿಸಿದಳು. ಅವನು ಮೂರು ಬಾಟಲಿ ತಂದಾಗ ಸಿಸ್ಟರು ಅವನನ್ನೂ ಕೇಳಿದಳು.

"ಹೇಗೆ ಹಾಕೋದು ಗೊತ್ತಾಯ್ತಾ ಯಜಮಾನ್ರೇ? ಒಂದ್ಸಲ ಹೇಳ್ಲಾ?"

"ಅಯ್ಯೋ, ನಮ್ಮೆಜಮಾನ್ರಿಗೆ ಎಲ್ಲಾ ಗೊತ್ತು ಕಣವ್ವ. ಊರೋರ ಚೀಟಿನೆಲ್ಲ ಅವ್ರೇ ಓದಾದು" ಅಂದಳು ಬೀರಮ್ಮ.

ಚೆಲುವಯ್ಯ ಚೀಟಿ ಮಡಿಸಿ ಜೇಬಿಗಿಟ್ಟ. ಬಾಟಲಿಗಳನ್ನು ಚೀಲಕ್ಕೆ ಹಾಕಿದ. ಸಿಸ್ಟರಿಗೆ ಬೇರೆ ಪೇಷೆಂಟು ಕಾಯುತ್ತಿದ್ದರು. "ಮುಂದಿನ ಮಂಗಳವಾರ ತೋರಿಸಿ" ಅಂದು ಹೋದಳು.

ಮನೆಗೆ ಬಂದು ಚೀಟಿ ಬಿಡಿಸಿದ. ಮೂರು ಸಾಲು. ಮೊದಲನೆಯದು ಹಾಲಿನಂತೆ ಬೆಳ್ಳಗಿರುವ ಔಷಧಿ, ಅಲ್ಲಾಡಿಸಿ ಹಾಕಬೇಕಾದದ್ದು. ಅದರ ಮುಂದೆ ಓಡಿ ಅಂತಿತ್ತು. ಓಡಿ ಆದಮೇಲೆ ಆರು, ಐದು, ನಾಲ್ಕು, ಮೂರು, ಎರಡು, ಒಂದು ಅಂತ ಅಡ್ಡಗೆರೆ ಹಾಕಿ ಬರೆದಿದ್ದರು. ಕೊನೆಗೆ ಬಾಲದಂಥ ಒಂದು ಗೀಚು. ಅದು ಇಂಗ್ಲಿಷಿನಲ್ಲಿ ವಾರವಾರ ಅಂತ ಬರೆದದ್ದು. ಅವನಿಗದು ಡಾಕ್ಟರ ಸಣ್ಣ ಸಹಿಯ ಹಾಗೆ ಕಂಡಿತು.

ಅಡ್ಡಗೆರೆಯ ಲೆಕ್ಕ ಅಂದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಮೂರೇ ಅಂಕಿ ಇರಬೇಕು. ಇಲ್ಲಿ ಆರಿವೆ. ಚೆಲುವಯ್ಯ ಬಹಳ ಹೊತ್ತು ಕೂತು ಯೋಚಿಸಿದ. ಓಡಿ ಅಂದರೆ ದಿನಕ್ಕೊಂದು ಸಲ, ಅದರಲ್ಲಿ ಅನುಮಾನವಿಲ್ಲ. ಹಾಗಾದರೆ ಮೊದಲನೇ ದಿನ ಒಂದು ಸಲಕ್ಕೆ ಆರು ಹನಿ, ಎರಡನೇ ದಿನ ಐದು, ಹೀಗೆ ಇಳಿಸುತ್ತ ಆರನೇ ದಿನಕ್ಕೆ ಒಂದು ಹನಿ. ಬೆರಳಲ್ಲಿ ಎಣಿಸಿದ. ಮಂಗಳವಾರದಿಂದ ಭಾನುವಾರಕ್ಕೆ ಆರು ದಿನ. ಸೋಮವಾರ ಬಿಡುವು, ಮಂಗಳವಾರ ತೋರಿಸುವುದು. ಸರಿಯಾಗಿ ಕೂತಿತು. ಅಷ್ಟು ಸರಿಯಾಗಿ ಕೂತದ್ದೇ ಅವನನ್ನು ಕೆಡಿಸಿತು.

ಎರಡನೇ ಸಾಲು ಮಾತ್ರ ಕೂರಲಿಲ್ಲ. ಊತ ಇಳಿಸುವ ಇನ್ನೊಂದು ಡ್ರಾಪ್ಸು. ಅದರ ಮುಂದೆ ಓಡಿ ಅಂತಲೂ ಇತ್ತು, ಟಿಡಿಎಸ್ ಅಂತಲೂ ಇತ್ತು. ಒಂದು ಸಲವೂ ಹೌದು, ಮೂರು ಸಲವೂ ಹೌದು ಅಂದರೆ ಏನರ್ಥ? ಡಾಕ್ಟರಮ್ಮ ಒಂದು ಬರೆದು, ಆಮೇಲೆ ಇನ್ನೊಂದು ಬರೆದು, ಮೊದಲಿನದನ್ನು ಹೊಡೆದುಹಾಕಲು ಮರೆತಿದ್ದಾರೆ ಅಂದುಕೊಂಡ. ಸಕ್ಕರೆ ಮಾತ್ರೆ ಜಾಸ್ತಿಯಾಗಿ ಬೀರಮ್ಮ ಕುಸಿದ ದಿನ ಅವನ ತಲೆಯಲ್ಲಿ ಇನ್ನೂ ಇತ್ತು. ಜಾಸ್ತಿ ಆದರೆ ಅಪಾಯ, ಕಮ್ಮಿ ಆದರೆ ಅಷ್ಟಿಲ್ಲ. ಒಂದೇ ಸಲ ಹಾಕೋಣ ಎಂದು ತೀರ್ಮಾನಿಸಿದ.

ಮೂರನೇ ಸಾಲಲ್ಲಿ ಓಎಸ್, ಬಿಡಿ ಎಂದಿತ್ತು. ಓಎಸ್ ಅನ್ನುವುದು ಅವನ ಪಟ್ಟಿಯಲ್ಲಿ ಇರಲಿಲ್ಲ. ಎಸ್‌ಓಎಸ್‌ನ ಮೊದಲಿನ ಎಸ್ಸು ಮೇಲಿನ ಸಾಲಿನ ಗೀಚಿನಲ್ಲಿ ಸೇರಿಹೋಗಿದೆ ಅಂತ ಓದಿಕೊಂಡ. ಬೇಕೆನಿಸಿದರೆ ದಿನಕ್ಕೆ ಎರಡು ಸಲ. ಬೀರಮ್ಮನಿಗೆ ನೋವಿರಲಿಲ್ಲ. ಆ ಬಾಟಲಿ ಮೊಳೆಗೆ ನೇತುಹಾಕಿದ ಚೀಲದಲ್ಲೇ ಉಳಿಯಿತು.

"ಎಡಗಣ್ಣಿಗೂ ಏನೋ ಅಂದ್ಲಪ್ಪ ಆ ಸಿಸ್ಟರು" ಅಂದಳು ಬೀರಮ್ಮ.

"ಆಪರೇಸನ್ ಮಾಡಿರಾದು ಬಲಗಣ್ಣಿಗೆ. ಎಡಗಣ್ಣಿಗ್ಯಾಕೆ ಆಕ್ತಾರೆ? ಸುಮ್ಕೆ ಮನಿಕ್ಕ."

ಮೊದಲ ದಿನ ಆರು ಹನಿ ಹಾಕಿದ. ಕಣ್ಣು ಹಿಡಿದದ್ದು ಒಂದು ಹನಿ. ಮಿಕ್ಕಿದ್ದೆಲ್ಲ ಕೆನ್ನೆ ಮೇಲೆ ಹರಿದು ಕಿವಿಗಿಳಿಯಿತು. "ಇದೇನ್ ಕಣ್ಣಿಗೋ, ಮುಖ ತೊಳ್ಯಾಕೋ" ಎಂದು ಬೀರಮ್ಮ ಸೆರಗಲ್ಲಿ ಒರೆಸಿಕೊಂಡಳು. ಬುಧವಾರ ಐದು. ಗುರುವಾರ ನಾಲ್ಕು. ಗುರುವಾರ ಸಂಜೆಗೆ ಕಣ್ಣು ಕೆಂಪಾಗಿತ್ತು. ಶುಕ್ರವಾರ ಬಾಗಿಲ ಬೆಳಕು ತಡೆಯಲಾರದೆ ಗೋಡೆಗೆ ಮುಖಮಾಡಿ ಮಲಗಿದಳು. ಮಂಗಳವಾರ ಮನೆಗೆ ಬಂದಾಗ ಕಂಡಿದ್ದ ಕ್ಯಾಲೆಂಡರಿನ ಅಂಕಿ ಈಗ ಮಬ್ಬು.

"ಆಪರೇಸನ್ ಆದ್ಮೇಲೆ ಅಂಗೇ ಇರ್ತದೆ" ಅಂದ ಚೆಲುವಯ್ಯ. ಅಂದನಾದರೂ ಆ ದಿನ ತೂಕದ ಕೆಲಸದಲ್ಲಿ ಎರಡು ಸಲ ಅಂಕಿ ತಪ್ಪಿದ.

ಶನಿವಾರ ಬೆಳಿಗ್ಗೆ ಎದುರು ಸಾಲಿನ ಪುಷ್ಪಾವತಿ ಬಂದಳು. ಅವಳ ಅತ್ತೆ ಲಕ್ಷ್ಮಿದೇವಮ್ಮನಿಗೂ ಹತ್ತು ದಿನದ ಹಿಂದೆ ಕ್ಯಾಂಪಿನಲ್ಲಿ ಪೊರೆ ತೆಗೆದಿದ್ದರು. ಪುಷ್ಪಾವತಿಯ ಕೈಯಲ್ಲಿ ಖಾಲಿ ಬಾಟಲಿ, ಒಂದು ಅಚ್ಚಾದ ಹಾಳೆ.

"ಅಣ್ಣ, ನಮ್ಮತ್ತೆ ಡ್ರಾಪ್ಸು ಮುಗ್ದೋಯ್ತು. ಹಾಲಿನಂಗೆ ಇತ್ತಲ್ಲ, ಅದು. ಅಂಗಡಿಲಿ ಇದೇ ಎಸ್ರಿಂದೇ ಕೇಳ್ಬೇಕಾ, ಬೇರೇದಾದ್ರೂ ನಡೀತದಾ, ನೋಡು."

ಚೆಲುವಯ್ಯ ಬಾಟಲಿ ನೋಡಿದ. ಬೇರೆ ಕಂಪನಿ, ಆದರೆ ಒಳಗಿನ ಔಷಧಿಯ ಹೆಸರು ಬೀರಮ್ಮನದೇ.

"ಆಗ್ಲೇ ಮುಗೀತಾ? ಇವ್ಳುದ್ದು ಇನ್ನೂ ಮುಕ್ಕಾಲು ಐತಲ್ಲ."

"ದಿನಕ್ಕೆ ಆರು ಸಲ ಆಕಿದ್ರೆ ಇನ್ನೇನಣ್ಣ ಉಳೀತದೆ? ಈ ವಾರ ಐದು ಸಲ."

ಅವನು ಹಾಳೆ ಇಸಿದುಕೊಂಡ. ಕ್ಯಾಂಪಿನವರು ಕನ್ನಡದಲ್ಲೇ ಅಚ್ಚು ಹಾಕಿಸಿದ್ದರು. ಆಪರೇಷನ್ ಆದ ಕಣ್ಣಿಗೆ, ಮೊದಲನೇ ವಾರ ದಿನಕ್ಕೆ ಆರು ಸಲ ಒಂದೊಂದು ಹನಿ. ಎರಡನೇ ವಾರ ಐದು ಸಲ. ಮೂರನೇ ವಾರ ನಾಲ್ಕು. ಹೀಗೇ ಇಳಿದು ಆರನೇ ವಾರ ಒಂದು ಸಲ.

ಆರು, ಐದು, ನಾಲ್ಕು, ಮೂರು, ಎರಡು, ಒಂದು.

ಚೆಲುವಯ್ಯ ಹಾಳೆಯನ್ನು ಮತ್ತೊಮ್ಮೆ ಓದಿದ. ಪುಷ್ಪಾವತಿ "ಯಾಕಣ್ಣ?" ಅಂದಳು. ಅವನು ಒಳಗೆ ಹೋಗಿ, ತನ್ನ ಚೀಟಿಯನ್ನೂ ಮೂರು ಬಾಟಲಿಯನ್ನೂ ತೆಗೆದುಕೊಂಡು, ಚಪ್ಪಲಿ ಮೆಟ್ಟಿಕೊಳ್ಳದೆ ಗಂಗಾಧರಯ್ಯನವರ ಅಂಗಡಿಗೆ ನಡೆದ.

ಗಂಗಾಧರಯ್ಯ ಈಗ ಮೊದಲಿಗಿಂತ ಮುದುಕರು. ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು.

"ಎಷ್ಟು ಸಲ ಹಾಕ್ತಾ ಇದ್ದೀಯ?"

"ದಿನಕ್ಕೊಂದ್ಸಲ ಸಾ. ಓಡಿ ಅಂತ ಐತಲ್ಲ."

ಗಂಗಾಧರಯ್ಯ ಚೀಟಿ ಕೆಳಗಿಟ್ಟರು. "ಚೆಲುವಯ್ಯ, ಕಣ್ಣಿನ ಚೀಟೀಲಿ ಓಡಿ ಅಂದ್ರೆ ದಿನಕ್ಕೊಂದ್ಸಲ ಅಲ್ಲ. ಬಲಗಣ್ಣು. ಓಎಸ್ ಅಂದ್ರೆ ಎಡಗಣ್ಣು. ಓಯು ಅಂದ್ರೆ ಎರಡೂ ಕಣ್ಣು. ಹಳೇ ಕಣ್ಣು ಡಾಕ್ಟರುಗಳು ಹಂಗೆ ಬರೀತಾರೆ. ಈಗಿನೋರು ಆರ್‌ಇ, ಎಲ್‌ಇ ಅಂತಾರೆ."

"ಅದೇ ಅಕ್ಸರ ಅಲ್ವಾ ಸಾ?"

"ಅದೇ ಅಕ್ಷರ. ಅರ್ಥ ಬೇರೆ. ಮಾತ್ರೆ ಚೀಟಿಗೆ ಒಂದು, ಕಣ್ಣಿನ ಚೀಟಿಗೆ ಇನ್ನೊಂದು." ಅವರು ಸಾಲಿನ ಮೇಲೆ ಬೆರಳಿಟ್ಟು ಓದಿದರು. "ಇದು ಬಲಗಣ್ಣಿಗೆ, ಮೊದಲ ವಾರ ಆರು ಸಲ, ವಾರವಾರ ಒಂದೊಂದು ಕಮ್ಮಿ. ಇದು ಬಲಗಣ್ಣಿಗೇ ದಿನಕ್ಕೆ ಮೂರು ಸಲ. ಇದು ಎಡಗಣ್ಣಿಗೆ ಎರಡು ಸಲ. ಕಣ್ಣಿನೊಳಗಿನ ಒತ್ತಡ ಇಳಿಸೋ ಔಷಧಿ ಇದು, ಎಡಗಣ್ಣಲ್ಲಿ ಪ್ರೆಶರ್ ಇದೆ ಅವಳಿಗೆ. ಇದನ್ನ ಹಾಕೇ ಇಲ್ವಾ?"

ಚೆಲುವಯ್ಯ ಸೀಲೂ ಒಡೆಯದ ಆ ಬಾಟಲಿಯನ್ನು ಅವರ ಮುಂದಿಟ್ಟ.

"ನಂದೂ ತಪ್ಪಿದೆ. ಅವತ್ತು ಹೇಳಿಕೊಡುವಾಗ ಕಣ್ಣಿನ ವಿಷಯ ಬರಲಿಲ್ಲ" ಅಂದರು ಗಂಗಾಧರಯ್ಯ. "ಕಣ್ಣು ಕೆಂಪಗಿದೆಯಾ?"

"ಅವ್ದು. ಬೆಳಕು ಕಂಡ್ರೆ ಆಗಾಕಿಲ್ಲ. ಮಬ್ಬು ಅಂತಾಳೆ."

"ಮಂಗಳವಾರದವರೆಗೂ ಕಾಯಬೇಡ. ಈಗ್ಲೇ ಹೊರಡು. ಶನಿವಾರ ಮಧ್ಯಾಹ್ನಕ್ಕೆ ಮುಚ್ತಾರೆ, ನಾನು ಫೋನ್ ಮಾಡಿ ಹೇಳಿರ್ತೀನಿ."

ಹಾಸನದ ಬಸ್ಸಿನಲ್ಲಿ ಬೀರಮ್ಮ ಕಣ್ಣಿಗೆ ಟವೆಲ್ ಮುಚ್ಚಿಕೊಂಡು ಕೂತಿದ್ದಳು. ಅವನು ದಾರಿಯಲ್ಲಿ ಎಲ್ಲ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಅವಳು "ಓಗ್ಲಿ ಬುಡಿ, ಈಗ ಓಯ್ತಾ ಇದ್ದೀವಲ್ಲ" ಅಂದಳು. ಸ್ವಲ್ಪ ದೂರ ಹೋದಮೇಲೆ, "ಕಣ್ಣು ಓಗ್ಬುಡ್ತದಾ?" ಎಂದು ಕೇಳಿದಳು.

"ಗೊತ್ತಿಲ್ಲ ಕಣಮ್ಮಿ" ಅಂದ ಚೆಲುವಯ್ಯ. ಹತ್ತು ವರ್ಷದಲ್ಲಿ ಅವಳ ಔಷಧಿಯ ವಿಷಯಕ್ಕೆ ಅವನು ಗೊತ್ತಿಲ್ಲ ಅಂದದ್ದು ಅದೇ ಮೊದಲು.

ಡಾಕ್ಟರಮ್ಮ ಗಲ್ಲ ಇಡುವ ಯಂತ್ರದ ಮುಂದೆ ಅವಳನ್ನು ಕೂರಿಸಿ, ಸೀಳು ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಕಣ್ಣಿನ ಒತ್ತಡ ಅಳೆದರು.

"ಡ್ರಾಪ್ಸ್ ಸರಿಯಾಗಿ ಹಾಕ್ತಾ ಇದ್ದೀರಾ?"

"ನಾನೇ ಮರ್ತುಬುಟ್ಟೆ ಡಾಕ್ಟ್ರಮ್ಮ. ಸಿಸ್ಟ್ರು ಸರ್ಯಾಗೇ ಯೋಳಿದ್ರು" ಅಂದಳು ಬೀರಮ್ಮ ತಟ್ಟನೆ.

"ಇಲ್ಲ ಮೇಡಮ್ಮೋರೆ" ಅಂದ ಚೆಲುವಯ್ಯ. "ಅವ್ಳು ಸುಳ್ ಯೋಳ್ತಾವ್ಳೆ. ನಾನು ಓಡೀನ ದಿನಕ್ಕೊಂದ್ಸಲ ಅಂತ ಓದ್ದೆ. ಎಡಗಣ್ಣಿಂದು ಆಕೇ ಇಲ್ಲ. ಸಿಸ್ಟ್ರು ಯೋಳ್ತೀನಿ ಅಂದಾಗ ನಾನು ಕೇಳಿಸ್ಕಳ್ಳಿಲ್ಲ."

ಡಾಕ್ಟರಮ್ಮ ಚೀಟಿಯನ್ನು ಕೈಗೆ ತೆಗೆದುಕೊಂಡು ತಮ್ಮದೇ ಬರಹವನ್ನು ಹೊಸದಾಗಿ ಕಂಡವರಂತೆ ನೋಡಿದರು. ಬೈಯುತ್ತಾರೆ ಅಂತ ಅವನು ತಲೆ ತಗ್ಗಿಸಿ ನಿಂತಿದ್ದ.

"ಓಡಿ ಟಿಡಿಎಸ್ ಅಂತ ನೋಡಿದಾಗ ಏನನ್ನಿಸ್ತು ನಿಮಗೆ?"

"ಎಲ್ಡೂ ಒಂದ್ಕೊಂದು ಕೂರಾಕಿಲ್ಲ ಅನ್ನಿಸ್ತು."

"ಆಗ ಕೇಳಬೇಕಿತ್ತು."

"ಅವ್ದು."

"ನಾನೂ ಬಲಗಣ್ಣು ಅಂತ ಕನ್ನಡದಲ್ಲೇ ಬರೆಯಬಹುದಿತ್ತು. ನಲವತ್ತು ವರ್ಷದ ಅಭ್ಯಾಸ" ಅಂದರು ಡಾಕ್ಟರಮ್ಮ. "ಕಣ್ಣೊಳಗೆ ಊತ ಬಂದಿದೆ. ಕೀವಾಗಿಲ್ಲ, ಅದು ನಿಮ್ಮ ಪುಣ್ಯ. ಇವತ್ತು, ನಾಳೆ ಎಚ್ಚರ ಇರೋ ತನಕ ಬಲಗಣ್ಣಿಗೆ ಆ ಬಿಳಿ ಔಷಧಿ ಗಂಟೆಗೊಂದು ಹನಿ ಹಾಕಿ. ಒಂದೇ ಹನಿ. ಕಣ್ಣಿಗೆ ಎರಡನೇ ಹನಿ ಹಿಡಿಯೋ ಜಾಗ ಇಲ್ಲ. ಒಂದು ಔಷಧಿಗೂ ಇನ್ನೊಂದಕ್ಕೂ ಮಧ್ಯೆ ಹತ್ತು ನಿಮಿಷ ಬಿಡಿ. ಸೋಮವಾರ ಬನ್ನಿ. ಬೀರಮ್ಮ, ನಿಮಗೆ ದಮ್ಮು, ಉಬ್ಬಸ ಏನೂ ಇಲ್ಲ ಅಂದಿದ್ರಿ ಅಲ್ವಾ? ಅದಿದ್ದೋರಿಗೆ ಎಡಗಣ್ಣಿನ ಈ ಔಷಧಿ ಆಗಲ್ಲ. ಎಡಗಣ್ಣಿನದು ಇವತ್ತಿಂದ ಬೆಳಿಗ್ಗೆ ಒಂದು, ಸಂಜೆ ಒಂದು."

ಸಿಸ್ಟರು ಈ ಸಲ ಚೆಲುವಯ್ಯನನ್ನು ಎದುರು ಕೂರಿಸಿಕೊಂಡಳು. ಅವಳು ಹೇಳಿದ್ದನ್ನೆಲ್ಲ ಅವನು ತಿರುಗಿ ಹೇಳಿದ. ಬಾಟಲಿಗಳ ಮೇಲೆ ಬಿಳಿ ಪಟ್ಟಿ ಅಂಟಿಸಿ, ಬಲ, ಎಡ ಅಂತ ಅವನ ಕೈಯಿಂದಲೇ ಬರೆಸಿದಳು.

ಆ ಎರಡು ದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಕೈ ತೊಳೆದು, ಕೆಳರೆಪ್ಪೆ ಎಳೆದು, ಬಾಟಲಿಯ ತುದಿ ಕಣ್ಣಿಗೆ ತಾಗದಂತೆ ಹಿಡಿದು ಒಂದು ಹನಿ. ಮತ್ತೆ ಗಂಟೆ ನೋಡುವುದು. ಪುಷ್ಪಾವತಿ ಮನೆಯಿಂದ ಸಾರು ಬಂತು. ಭಾನುವಾರ ಸಂಜೆಗೆ ಬೀರಮ್ಮ ಗೋಡೆ ಬಿಟ್ಟು ಬಾಗಿಲ ಕಡೆಗೆ ಮಗ್ಗುಲಾದಳು. ಸೋಮವಾರ ಡಾಕ್ಟರಮ್ಮ, "ಇಳೀತಾ ಇದೆ" ಅಂದರು. ಅಲ್ಲಿಂದ ಆರರ ಲೆಕ್ಕ ಹೊಸದಾಗಿ ಶುರುವಾಯಿತು.

ಆದರೆ ಇನ್ನೊಂದು ವಿಷಯ ಚೆಲುವಯ್ಯನನ್ನು ಕೊರೆಯುತ್ತಿತ್ತು. ಎರಡು ವರ್ಷದ ಹಿಂದೆ ಮೇಲಿನ ಬೀದಿಯ ಚನ್ನಪ್ಪನೂ ಒಂದು ಕಣ್ಣಿನ ಚೀಟಿ ತಂದಿದ್ದ. ಅದರಲ್ಲೂ ಓಎಸ್ ಇತ್ತು, ಈಗ ನೆನಪಾಯಿತು. ಆಗಲೂ ಚೆಲುವಯ್ಯ ಅದನ್ನು ಎಸ್‌ಓಎಸ್ ಅಂತ ಓದಿ ಬೇಕಾದಾಗ ಹಾಕು ಅಂದಿದ್ದ. ಚನ್ನಪ್ಪ ಈಗ ಹೇಗಿದ್ದಾನೆ, ಕಣ್ಣು ಕಾಣುತ್ತದೋ ಇಲ್ಲವೋ, ಇವನು ವಿಚಾರಿಸಿರಲಿಲ್ಲ. ಸೋಮವಾರ ಹಾಸನದಿಂದ ಬಂದವನೇ ಅಲ್ಲಿಗೆ ಹೋದ.

ಚನ್ನಪ್ಪ ಅಂಗಳದಲ್ಲಿ ಕೂತು ಜೋಳದ ತೆನೆ ಸುಲಿಯುತ್ತಿದ್ದ. ಚೆಲುವಯ್ಯ ಎಲ್ಲ ಹೇಳಿ, "ನಿಂಗೂ ತಪ್ಪು ಯೋಳಿದ್ದೆ ಕಣ್ಲಾ. ಕಣ್ ಎಂಗೈತೆ?" ಎಂದು ಕೇಳಿದ.

ಚನ್ನಪ್ಪ ಅವನನ್ನೇ ನೋಡಿದ. "ನೀನ್ ಯೋಳಿದ್ನ ನಾನೆಲ್ಲಿ ಮಾಡ್ದೆ? ಮೆಡಿಕಲ್ನೋರು ಎಡಗಣ್ಗೆ ದಿನಾ ಆಕು ಅಂದ್ರು. ಅಂಗೇ ಆಕ್ದೆ."

"ಮತ್ತೆ ನಂಗ್ಯಾಕ್ ಯೋಳ್ಲಿಲ್ಲ?"

"ನಿಂಗೆ ಬೇಜಾರಾಯ್ತದೆ ಅಂತ."

ಚೆಲುವಯ್ಯನಿಗೆ ನಗು ಬರಲಿಲ್ಲ. ಅವತ್ತು ಚನ್ನಪ್ಪ ಒಂದು ಮಾತು ಹೇಳಿದ್ದರೆ ಬೀರಮ್ಮನ ಕಣ್ಣಿಗೆ ಹೀಗಾಗುತ್ತಿರಲಿಲ್ಲ. ಹಾಗಂತ ಅವನನ್ನು ದೂರುವ ಹಾಗೂ ಇರಲಿಲ್ಲ. ತನ್ನೆದುರು ತಪ್ಪು ಅನ್ನಲು ಜನ ಹಿಂಜರಿಯುವಂತೆ ತಾನೇ ನಡೆದುಕೊಂಡಿದ್ದೆ ಎನ್ನುವುದು ಅವನಿಗೆ ಅಲ್ಲೇ, ತೆನೆಯ ರಾಶಿ ಪಕ್ಕದಲ್ಲಿ ನಿಂತಾಗ ಹೊಳೆಯಿತು. ಅದನ್ನು ಮನೆಯಲ್ಲಿ ಬೀರಮ್ಮನಿಗೂ ಹೇಳಿದ. ಅವಳು "ಈಗ್ಲಾದ್ರೂ ಗೊತ್ತಾಯ್ತಲ್ಲ" ಅಂದಳು.

ಒಂದು ತಿಂಗಳು ಅವನು ಯಾರ ಚೀಟಿಯನ್ನೂ ಮುಟ್ಟಲಿಲ್ಲ. ಆದರೆ ಜನ ಬಿಡಲಿಲ್ಲ. ಎಷ್ಟೋ ಮನೆಯಲ್ಲಿ ಓದುವವರೇ ಇರಲಿಲ್ಲ. ಇದ್ದವರಿಗೂ ಆ ಗೀಚು ತಿಳಿಯುತ್ತಿರಲಿಲ್ಲ. ಕೊನೆಗೆ ಅವನೊಂದು ದಾರಿ ಕಂಡುಕೊಂಡ. ಚೀಟಿ ತಂದವರ ಜೊತೆ ಅಂಗಡಿಯವರೆಗೆ ಹೋಗುತ್ತಾನೆ. ಗಂಗಾಧರಯ್ಯ ಒಂದೊಂದು ಸಾಲು ಓದಿ ಹೇಳುತ್ತಾರೆ, ಅವನು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಯುತ್ತಾನೆ: ಯಾವ ಕಾಯಿಲೆಗೆ, ಯಾವ ಹೊತ್ತಿಗೆ, ಎಷ್ಟು ದಿನ. ಅಕ್ಷರ ಬಾರದವರಿಗೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಒಂದಕ್ಕೊಂದು ಹೊಂದದ ಸಾಲು ಬಂದರೆ ಗಂಗಾಧರಯ್ಯ ಡಾಕ್ಟರಿಗೆ ಫೋನ್ ಮಾಡುವವರೆಗೂ ಅವನು ಕೌಂಟರ್ ಬಿಟ್ಟು ಕದಲುವುದಿಲ್ಲ. "ನೀನೊಬ್ಬ ಕಾಟ" ಅಂತ ಗಂಗಾಧರಯ್ಯ ಗೊಣಗುತ್ತಾರೆ, ಫೋನ್ ಮಾಡುತ್ತಾರೆ.

ಬೀರಮ್ಮನ ಬಲಗಣ್ಣು ಚೆನ್ನಾಗಿ ಕೂಡಿಕೊಂಡಿತು. ಎಡಗಣ್ಣಿನ ಒತ್ತಡವೂ ಇಳಿಯಿತು. ಆ ಡ್ರಾಪ್ಸನ್ನು ಮಾತ್ರ ಬಿಡದೆ ಹಾಕುತ್ತಲೇ ಇರಬೇಕು, ಮೂರು ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ತೋರಿಸಬೇಕು. ಮೊನ್ನೆ ಅವಳು ತಂಗಿಯ ಮೊಮ್ಮಗಳ ನಾಮಕರಣಕ್ಕೆ ಬಾಗೂರಿಗೆ ಹೋದಳು. ನಾಲ್ಕು ದಿನ ಇದ್ದು ಬರುತ್ತೇನೆ ಅಂತ ಒಬ್ಬಳೇ ಹೊರಟಳು. ಬಾಟಲಿಯನ್ನು ತಾನೇ ಸೀರೆಯ ಮಡಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಆರಕ್ಕೆ ಚೆಲುವಯ್ಯ ಫೋನ್ ಮಾಡಿದ. ಹಿಂದೆ ಹೆಂಗಸರ ಗದ್ದಲ ಕೇಳಿಸುತ್ತಿತ್ತು.

"ಆಕ್ಕಂಡ್ಯಾ?"

"ಆಕ್ಕಂಡೆ. ಎಡಗಣ್ಗೆ, ಒಂದೇ ಅನಿ. ಮಗೀಗೆ ಎಸ್ರಿಡ್ತಾವ್ರೆ, ಮಡಗಿ ಫೋನ" ಅಂದಳು ಬೀರಮ್ಮ.